ಬಿಸಿ ಟೈರಿನ 33, ಬೆಳಗಿನ 28

ಫೆಬ್ರವರಿಯ ಒಂದು ಮಧ್ಯಾಹ್ನ ಬೆಂಗಳೂರಿಂದ ತುಮಕೂರಿಗೆ ವಾಪಸ್ ಬರುತ್ತಿದ್ದೆ. ಊರು ಸೇರುವ ಮುಂಚೆ ಒಂದು ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಹಾಗೇ ಗಾಳಿನೂ ನೋಡಿಸೋಣ ಅಂತ ನಿಲ್ಲಿಸಿದೆ. "ಎಷ್ಟು ಸಾರ್?" ಅಂದ ಹುಡುಗ. "33" ಅಂದೆ. ಮಷಿನ್ನಿಗೆ 33 ಒತ್ತಿ ಪೈಪ್ ಸಿಕ್ಕಿಸಿದ. ಆ ಮಷಿನ್ ಗಾಳಿ ತುಂಬಲಿಲ್ಲ, ಬದಲಿಗೆ ಬಿಡುತ್ತಾ ಹೋಯಿತು. ಟೀಂ ಅಂತ ಸದ್ದಾಯಿತು, ನಾಲ್ಕೂ ಟೈರ್ ಮುಗಿಯಿತು. "ಜಾಸ್ತಿ ಇತ್ತು ಸಾರ್, 38 ಇತ್ತು" ಅಂದ. ಪುಣ್ಯಕ್ಕೆ ನೋಡಿಸಿದೆ ಅಂದುಕೊಂಡು ಮನೆಗೆ ಬಂದೆ.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ, ಗಾಡಿ ಕದಲಿಸುವ ಮುಂಚೆ, ನನ್ನ ಗೇಜ್ ಇಟ್ಟು ನೋಡಿದೆ. ಸುಮಾರು ಇಪ್ಪತ್ತೆಂಟೂವರೆ. ಪಂಕ್ಚರ್ ಅನ್ನೋಣ ಅಂದರೆ ನಾಲ್ಕಕ್ಕೂ ಒಟ್ಟಿಗೆ ಆಗುತ್ತಾ?

ತಪ್ಪು ನನ್ನದೇ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿರುವ 33 ತಣ್ಣಗಿರುವ ಟೈರಿನ ಲೆಕ್ಕ. ತಣ್ಣಗೆ ಅಂದರೆ ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲವೇ ನಿಧಾನವಾಗಿ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ಓಡಿರಬಾರದು.

ಹಾಗಾದರೆ ಆ 38 ಎಲ್ಲಿಂದ ಬಂತು? ಮುಂದಿನ ವಾರ ಅದೇ ದಾರಿಯಲ್ಲಿ ಲೆಕ್ಕ ಹಾಕಿಕೊಂಡು ಹೋದೆ. ಬೆಳಿಗ್ಗೆ ಹೊರಗೆ 20 ಡಿಗ್ರಿ, ಟೈರ್ 33. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಇದೆ ಅನ್ನುವುದನ್ನು ಮಾತ್ರ. ನಮ್ಮ ತುಮಕೂರಿನ ಎತ್ತರದಲ್ಲಿ ಹೊರಗಿನದೇ ಸುಮಾರು 13 ಪಿಎಸ್‌ಐ ಇರುತ್ತದೆ. ಅಂದರೆ ಒಳಗೆ ನಿಜಕ್ಕೂ ಇರುವುದು 46. ಬಿಸಿಯಾದಾಗ ಹೆಚ್ಚುವುದು ಈ 46ರ ಲೆಕ್ಕದಲ್ಲಿ. ಹಾಗೆ ನೋಡಿದರೆ ಪ್ರತಿ 10 ಡಿಗ್ರಿಗೆ ಒಂದೂವರೆ ಪಿಎಸ್‌ಐ ಮೇಲೆ ಸ್ವಲ್ಪ ಏರುತ್ತದೆ.

ಮಧ್ಯಾಹ್ನ 32 ಡಿಗ್ರಿ. ಗಾಡಿ ಮನೆ ಮುಂದೆ ಸುಮ್ನೆ ನಿಂತಿದ್ದರೂ ಈ 12 ಡಿಗ್ರಿಗೆ 33 ಇದ್ದದ್ದು 35 ಆಗುತ್ತಿತ್ತು. ಹೈವೇ ಓಟದಲ್ಲಿ ಟೈರ್ ಮಡಚಿ ಬಿಚ್ಚಿ ಮತ್ತೆ ಸುಮಾರು 20 ಡಿಗ್ರಿ ಏರಿದಾಗ ಇನ್ನೊಂದು 3 ಸೇರಿತು. ಒಟ್ಟು 38. ಅದನ್ನು ಬಂಕಿನಲ್ಲಿ 33ಕ್ಕೆ ಇಳಿಸಿದರೆ ಬೆಳಿಗ್ಗೆ ಇಪ್ಪತ್ತೆಂಟೂವರೆ ಬರಲೇಬೇಕು. ನೈಟ್ರೋಜನ್ ತುಂಬಿಸಿದರೆ ಈ ಕಾಟ ಇರಲ್ಲ ಅನ್ನುತ್ತಾರಲ್ಲ, ಬಿಸಿಗೆ ಅದೂ ಹೆಚ್ಚುಕಮ್ಮಿ ಇಷ್ಟೇ ಏರುತ್ತದೆ.

ಆ ಸಲ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದ್ದೆ. ಇಡ್ಲಿ, ಕಾಫಿ ಮುಗಿಸುವಷ್ಟರಲ್ಲಿ ಟೈರ್ ಆರಿರುತ್ತದೆ ಅನ್ನುವ ಆಸೆ. ಅರ್ಧ ಗಂಟೆ ಬಿಟ್ಟು ನೋಡಿದರೆ 38 ಇದ್ದದ್ದು ಮೂವತ್ತಾರೂವರೆ, ಅಷ್ಟೇ. ಬಿಸಿಲು ಬೀಳುತ್ತಿದ್ದ ಕಡೆಯ ಎರಡು ಟೈರ್ ನೆರಳಿನವಕ್ಕಿಂತ ಒಂದು ಪಿಎಸ್‌ಐ ಜಾಸ್ತಿಯೇ ತೋರಿಸಿದವು.

ಈಗ ದಾರಿ ಮಧ್ಯೆ ನೋಡಲೇಬೇಕಾಗಿ ಬಂದರೆ ನಾನು ಹೀಗೆ ಮಾಡುತ್ತೇನೆ. ಊರೊಳಗೆ ಐದಾರು ಕಿಲೋಮೀಟರ್ ಓಡಿದ್ದರೆ 2 ಪಿಎಸ್‌ಐ, ಹೈವೇಯಲ್ಲಿ ಗಂಟೆ ಓಡಿದ್ದರೆ 4 ಜಾಸ್ತಿ ತೋರಿಸುತ್ತದೆ ಅಂತ ಇಟ್ಟುಕೊಳ್ಳುತ್ತೇನೆ. ಅಂದರೆ ಹೈವೇಯಲ್ಲಿ 37 ಬರುವಂತೆ ತುಂಬಿಸಿ, ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಸರಿಮಾಡುತ್ತೇನೆ. ಇಷ್ಟು ಕಳೆದ ಮೇಲೂ ಒಂದೂವರೆ ಪಿಎಸ್‌ಐ ಆಕಡೆ ಈಕಡೆ ಆಗಬಹುದು. ಗೇಜಿಗೇ ಒಂದೆರಡು ಪಿಎಸ್‌ಐ ವ್ಯತ್ಯಾಸ ಇರುವುದುಂಟು. ಹಾಗಾಗಿ ಬೆಳಿಗ್ಗೆ ನೋಡುವುದೂ ದಾರಿಯಲ್ಲಿ ನೋಡುವುದೂ ನನ್ನದೇ ಗೇಜಿನಲ್ಲಿ. ಬಿಸಿ ಟೈರಿಂದ ಗಾಳಿಯನ್ನಂತೂ ತೆಗೆಸುವುದಿಲ್ಲ. ಮಷಿನ್ ಆದರೆ ಹುಡುಗನಿಗೆ ಮೊದಲೇ ಹೇಳಿಬಿಡುತ್ತೇನೆ, "ತಮ್ಮಾ, 37 ಇಡು, 33 ಬೇಡ."

ಈ ಅಂದಾಜು ಕೈಕೊಡುವ ಜಾಗ ಒಂದಿದೆ. ಗಾಳಿ ಮೊದಲೇ ಕಡಿಮೆ ಇರುವ ಟೈರ್ ಜಾಸ್ತಿ ಮಡಚುತ್ತದೆ, ಜಾಸ್ತಿ ಬಿಸಿಯಾಗುತ್ತದೆ, ಜಾಸ್ತಿ ಏರುತ್ತದೆ. ಬೆಳಿಗ್ಗೆ 28 ಇದ್ದದ್ದು ಮಧ್ಯಾಹ್ನ 33, 34 ತೋರಿಸಿ ಒಳ್ಳೇ ಮಗುವಿನಂತೆ ಕೂತಿರುತ್ತದೆ. ಒಂದು ಗಂಟೆ ಓಡಿದ ಟೈರ್ ಸರಿಯಾಗಿ ಸ್ಟಿಕ್ಕರಿನ ಅಂಕಿಯನ್ನೇ ತೋರಿಸಿದರೆ ನನಗೀಗ ಅನುಮಾನವೇ ಬರುವುದು. ಆಗ ಅದರ ಜೋಡಿ ಟೈರನ್ನೂ ನೋಡುತ್ತೇನೆ. ಒಂದೇ ಸಾಲಿನ ಎರಡು ಟೈರ್‌ಗಳಿಗೆ ಬಿಸಿಲಿಂದ ಒಂದು ಪಿಎಸ್‌ಐ ವ್ಯತ್ಯಾಸ ಸಹಜ. ಮೂರು ಇದ್ದರೆ ಗಾಡಿ ನೇರ ಪಂಕ್ಚರ್ ಅಂಗಡಿಗೆ. ಹೋದ ತಿಂಗಳು ಹಿಂದಿನ ಎಡಗಡೆಯದು 34, ಬಲಗಡೆಯದು 38 ಇತ್ತು. ಬಿಚ್ಚಿ ನೀರಲ್ಲಿ ಮುಳುಗಿಸಿದರೆ ವಾಲ್ವಿನ ಬುಡದಲ್ಲಿ ಸಣ್ಣ ಸಣ್ಣ ಗುಳ್ಳೆ.