ಕಪ್ಪು ಬಾಕ್ಸ್ ಡೈ ತೆಗೆದು ನ್ಯಾಚುರಲ್ ಬ್ರೌನ್‌ಗೆ ತಂದಿದ್ದು: ನನ್ನ ಅನುಭವ

"ಬಾಕ್ಸ್ ಡೈ ಮೇಲೆ ರಿಮೂವರ್ ಹಾಕಿದರೆ ಎರಡೇ ದಿನ. ಆಮೇಲೆ ಮತ್ತೆ ಕಪ್ಪು. ದುಡ್ಡು ದಂಡ." ಈ ಮಾತನ್ನು ನಮ್ಮ ಕಲರಿಸ್ಟ್‌ಗಳ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನು ರಿಮೂವರ್ ಹಿಡಿದು ಹೊರಟಾಗಲೂ ಜೊತೆಯಲ್ಲಿ ಕೆಲಸ ಮಾಡುವವರು ನಕ್ಕರು. ಒಬ್ಬರು ಬ್ಲೀಚ್ ಹಾಕು ಅಂದರು. ಇನ್ನೊಬ್ಬರು ಎಲ್ಲದರ ಮೇಲೆ 5.1 ಎಳೆದು ಕಳಿಸು ಅಂದರು. ಈ ಸಲ ಎರಡು ತಿಂಗಳು ದಾಟಿದರೂ ಬಣ್ಣ ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಅರ್ಧ ಸಲೀಸಾಗಿದ್ದು ಕ್ಲೈಂಟ್ ಬರೆದ ಕಾಗದದಿಂದ. ಕನ್ಸಲ್ಟೇಶನ್‌ನಲ್ಲಿ ಎಷ್ಟು ಕೆದಕಿದರೂ ಬಾಯಿಬಿಡದ ವಿಷಯವನ್ನು ಈ ಹುಡುಗಿ ತಾನಾಗಿ ಬರೆದಿದ್ದಳು. ಅವಳನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ:

"ನಮಸ್ಕಾರ ಮೇಡಂ. ನಾನು ಕೆಲಸಕ್ಕೆ ಸೇರಿ ಒಂದು ವರ್ಷ ಆಯಿತು. ಮುಂದಿನ ತಿಂಗಳಿಂದ ಕ್ಲೈಂಟ್‌ಗಳ ಮುಂದೆ ನಿಂತು ಮಾತಾಡಬೇಕು. ಈಗಿರುವ ತಲೆಯಲ್ಲಿ ನಿಂತರೆ ಅವರು ನನ್ನ ಸ್ಲೈಡ್ ನೋಡುವುದಿಲ್ಲ. ಬುಡದಲ್ಲಿ ನಾಲ್ಕು ಬೆರಳಿನಷ್ಟು ಕಿತ್ತಳೆ, ಅದರ ಕೆಳಗೆ ಪೂರ್ತಿ ಕಪ್ಪು. ಕಾಲೇಜಿನಲ್ಲಿದ್ದಾಗಿನಿಂದ ಸುಮಾರು ಎರಡು ವರ್ಷ ಕಪ್ಪು ಬಾಕ್ಸ್ ಡೈ ಹಚ್ಚುತ್ತಿದ್ದೆ. ಎರಡು ತಿಂಗಳಿಗೊಮ್ಮೆ, ಪ್ರತಿ ಸಲ ಬುಡದಿಂದ ತುದಿವರೆಗೆ. ಕೊನೆಯ ಸಲ ಹಚ್ಚಿ ಏಳು ತಿಂಗಳಾಯಿತು. ಮೆಹೆಂದಿ ಒಮ್ಮೆಯೂ ಹಾಕಿಲ್ಲ. ಮೂರು ವಾರದ ಹಿಂದೆ ಲೈಟ್ ಬ್ರೌನ್ ಎಂದು ಬರೆದಿದ್ದ ಬಾಕ್ಸ್ ತಂದು ಇಡೀ ತಲೆಗೆ ಹಚ್ಚಿದೆ. ಆಗಿದ್ದು ಇದು. ಸರಿ ಮಾಡಲು ಡಾರ್ಕ್ ಆಶ್ ಬ್ರೌನ್ ಬಾಕ್ಸ್ ಒಂದು ತಂದಿಟ್ಟಿದ್ದೇನೆ, ಹಚ್ಚಿಲ್ಲ. ಹಚ್ಚಲಾ? ನನಗೆ ಬೇಕಿರುವುದು ಯಾರೂ ಗಮನಿಸದ ಬ್ರೌನ್. ಬಿಸಿಲಿಗೆ ಹೋದಾಗ ಗೊತ್ತಾದರೆ ಸಾಕು. ತಿಂಗಳು ತಿಂಗಳು ಬರುವಷ್ಟು ಸಮಯವೂ ಇಲ್ಲ, ಸಂಬಳವೂ ಇಲ್ಲ. ಉದ್ದ ಎರಡು ಬೆರಳಿಗಿಂತ ಜಾಸ್ತಿ ಕತ್ತರಿಸಬೇಡಿ."

ಇಷ್ಟು ಓದಿದರೆ ತಲೆ ಕಣ್ಣಮುಂದೆ ಬರುತ್ತದೆ, ಅಲ್ವಾ? ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಏಳು ತಿಂಗಳು ಎಂದರೆ ಎಂಟು ಸೆಂಟಿಮೀಟರ್ ಹತ್ತಿರ. ಅವಳು ಹೇಳಿದ ನಾಲ್ಕು ಬೆರಳಿಗೆ ಸರಿಹೋಯಿತು. ಆ ಭಾಗ ಕಪ್ಪು ಡೈ ಕಂಡೇ ಇಲ್ಲ, ಹಾಗಾಗಿ ಬಾಕ್ಸ್‌ನ ಡೆವಲಪರ್ ಅವಳ ಸ್ವಂತ ಬಣ್ಣವನ್ನು ಎತ್ತಿ ಕಿತ್ತಳೆಯಲ್ಲಿ ಬಿಟ್ಟಿದೆ. ಕೆಳಗಿನ ಕಪ್ಪಿನ ಮೇಲೆ ಅದೇ ಬಾಕ್ಸ್ ಏನೂ ಮಾಡಿಲ್ಲ. ಡೈ ಹಚ್ಚಿ ಡೈ ಎತ್ತಲು ಆಗುವುದಿಲ್ಲ ಎಂಬುದು ನಿಮಗೆ ನಾನು ಹೇಳಬೇಕಿಲ್ಲ. ತುದಿಯಲ್ಲಂತೂ ಹತ್ತು ಹನ್ನೆರಡು ಕೋಟ್ ಕೂತಿರಬೇಕು.

ಅವಳಿಗೆ ಎರಡೇ ಸಾಲು ಉತ್ತರ ಬರೆದೆ. ಆ ಆಶ್ ಬಾಕ್ಸ್ ಮುಟ್ಟಬೇಡ. ಬರುವಾಗ ಪೂರ್ತಿ ದಿನ ಬಿಡುವು ಮಾಡಿಕೊಂಡು ಬಾ. ಅದಕ್ಕೂ ಎರಡು ದಿನ ಮೊದಲು ಪ್ಯಾಚ್ ಟೆಸ್ಟ್‌ಗೆ ಮತ್ತು ಒಂದೆರಡು ಎಳೆ ಕೊಡಲು ಬಂದು ಹೋಗಲು ಹೇಳಿದೆ.

ಮೆಹೆಂದಿ ಇಲ್ಲ ಎಂದು ಬರೆದಿದ್ದರೂ ಎಳೆಗೆ ಲೋಹದ ಟೆಸ್ಟ್ ಮಾಡಿದೆ. 30 ಎಂಎಲ್ 20 ವಾಲ್ಯೂಮ್ ಪೆರಾಕ್ಸೈಡ್‌ಗೆ 20 ಹನಿ 28% ಅಮೋನಿಯಾ, ಗಾಜಿನ ಬಟ್ಟಲಲ್ಲಿ ಅರ್ಧ ಗಂಟೆ. ಬಟ್ಟಲು ಬಿಸಿಯಾಗಿ ನೊರೆ ಉಕ್ಕಿದರೆ, ಅಥವಾ ಎಳೆ ತಕ್ಷಣ ಬಿಳಚಿಕೊಂಡರೆ, ಅಥವಾ ಏನೂ ಆಗದೆ ಹಾಗೇ ಇದ್ದರೆ, ಒಳಗೆ ಲೋಹದ ಲವಣ ಇರಬಹುದು ಎಂದು ಕೈ ಬಿಡುತ್ತೇನೆ. ಇವಳ ಎಳೆ ನಿಧಾನವಾಗಿ ಒಂದಿಷ್ಟು ಕೆಂಪಗಾಯಿತು. ಅಷ್ಟು ಸಾಕಿತ್ತು.

ಉಳಿದ ಎಳೆಗಳ ಮೇಲೆ ಸುಮ್ನೆ ಒಂದು ಆಟ ಆಡಿದೆ. ವಿಟಮಿನ್ ಸಿ ಪುಡಿಯನ್ನು ಶಾಂಪೂಗೆ ಕಲಸಿ ಒಂದು ಗಂಟೆ ಸುತ್ತಿಟ್ಟೆ. ಮೂರು ವಾರದ ಬಾಕ್ಸ್‌ನ ಬಣ್ಣ ಸ್ವಲ್ಪ ಬಿಟ್ಟಿತು, ಹಳೆಯ ಕಪ್ಪು ಅಲುಗಾಡಲಿಲ್ಲ. ಮನೆಮದ್ದಿನವರಿಗೆ ಇಷ್ಟೇ ಸಮಾಧಾನ. ಅಡುಗೆ ಸೋಡಾ ಕಲಸಿದ್ದಂತೂ ಎಳೆಯನ್ನು ಪೊರಕೆ ಮಾಡಿತು, ಬಣ್ಣ ಹಾಗೇ ಇತ್ತು.

ಈಗ ಅಸಲು ಕೆಲಸ. ರಿಮೂವರ್ ಕಿತ್ತಳೆ ಬುಡಕ್ಕೆ ಹಚ್ಚಲೇ ಇಲ್ಲ. ಅಲ್ಲಿ ಕೂತಿರುವ ಚೂರು ಲೈಟ್ ಬ್ರೌನ್ ಅನ್ನೂ ತೆಗೆದರೆ ಇನ್ನಷ್ಟು ಉರಿಗಿತ್ತಳೆ ಹೊರಬರುತ್ತದೆ, ಆಮೇಲೆ ಅದನ್ನು ತಣಿಸಲು ಒದ್ದಾಡಬೇಕು. ಬುಡಕ್ಕೆ ಕಂಡೀಷನರ್ ಬಳಿದು ಫಾಯಿಲ್ ಮುಚ್ಚಿ, ತುದಿಯಿಂದ ಶುರು ಮಾಡಿ ಮೇಲೆ ಬಂದೆ. ಕ್ಯಾಪ್ ಹಾಕಿ ಹದವಾದ ಬಿಸಿಯಲ್ಲಿ ಇಪ್ಪತ್ತು ನಿಮಿಷ. ಕೊಳೆತ ಮೊಟ್ಟೆಯ ವಾಸನೆ ಇಡೀ ಕೋಣೆಗೆ. ಕಿಟಕಿ ತೆಗೆದೆವು.

ಎಲ್ಲರೂ ಸೋಲುವುದು ಇದಾದ ಮೇಲೆ, ತೊಳೆಯುವುದರಲ್ಲಿ. ರಿಮೂವರ್ ಡೈಯನ್ನು ಸುಡುವುದಿಲ್ಲ, ಚೂರು ಮಾಡುತ್ತದೆ ಅಷ್ಟೇ. ಆ ಚೂರುಗಳು ಕೂದಲೊಳಗೇ ಇದ್ದರೆ ಗಾಳಿ ಸೋಕಿದ ಮೇಲೆ ಮತ್ತೆ ಕೂಡಿಕೊಂಡು ಕಪ್ಪಾಗುತ್ತವೆ. ಐದು ನಿಮಿಷ ನೀರು ಬಿಟ್ಟು, ಬ್ಲೋ ಡ್ರೈ ಮಾಡಿ, ಆಹಾ ಎಂಥ ಬ್ರೌನ್ ಎಂದು ಫೋಟೋ ಹಿಡಿಯುವವರಿಗೆ ಎರಡು ದಿನದ ನಂತರ ಫೋನ್ ಬರುವುದು ಇದಕ್ಕೇ. ನಾನು ಅರ್ಧ ಗಂಟೆಗೂ ಜಾಸ್ತಿ ತೊಳೆದೆ. ಬೆಚ್ಚಗಿನ ನೀರು, ಡೀಪ್ ಕ್ಲೆನ್ಸಿಂಗ್ ಶಾಂಪೂ, ಮತ್ತೆ ನೀರು, ಮತ್ತೆ ಶಾಂಪೂ. ನೊರೆ ಮೊದಲು ಕಾಫಿ ಬಣ್ಣ ಇತ್ತು. ಅದು ಬೆಳ್ಳಗಾಗುವವರೆಗೆ ಬಿಡಲಿಲ್ಲ. ಶಾಂಪೂಗೆ ಒಂದು ವಸ್ತು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಹೊಟ್ಟೆಪಾಡು.

ತೊಳೆದಿದ್ದು ಸಾಕಾಯಿತಾ ಎಂದು ನೋಡಲು ಒಂದು ದಾರಿ ಇದೆ. ಒಳಗಿನ ಪದರದ ಒಂದು ತೆಳು ಎಳೆಗೆ 10 ವಾಲ್ಯೂಮ್ ಡೆವಲಪರ್ ಸವರಿ ಹತ್ತು ನಿಮಿಷ ಬಿಡಿ. ಕಪ್ಪಿಗೆ ತಿರುಗಿದರೆ ಚೂರುಗಳು ಇನ್ನೂ ಒಳಗಿವೆ. ಮೊದಲ ಸುತ್ತಿನಲ್ಲಿ ಇವಳ ಎಳೆ ತಿರುಗಿತು. ಅವಳ ಮುಖ ಸಪ್ಪೆಯಾಯಿತು. ಇನ್ನೊಂದು ಸುತ್ತು ರಿಮೂವರ್, ಇನ್ನೊಮ್ಮೆ ಅಷ್ಟೇ ಹೊತ್ತು ನೀರು. ಎರಡನೇ ಸಲ ಎಳೆ ಹಾಗೇ ಉಳಿಯಿತು.

ಆಗ ಕಂಡಿದ್ದು ಹೀಗೆ: ಬುಡ ಲೆವೆಲ್ 6ರ ಕಿತ್ತಳೆ, ನಡುವೆ ಲೆವೆಲ್ 5ರ ಕೆಂಗಿತ್ತಳೆ, ಕೊನೆಯ ಒಂದು ಗೇಣು ಇನ್ನೂ ಲೆವೆಲ್ 3. ಕಪ್ಪು ಕೋಟ್‌ಗಳು ದಪ್ಪಗೆ ಕೂತ ಕಡೆ ರಿಮೂವರ್ ಕೈಯಲ್ಲಿ ಇಷ್ಟೇ ಆಗುವುದು. ಎರಡು ಬೆರಳು ಕತ್ತರಿಸಿದೆ. ಉಳಿದ ತುದಿಗೆ ಒಂದು ಭಾಗ ಬ್ಲೀಚ್, ಎರಡು ಭಾಗ 10 ವಾಲ್ಯೂಮ್, ಒಂದು ಭಾಗ ಶಾಂಪೂ ಕಲಸಿ ಹತ್ತು ನಿಮಿಷ ಹಚ್ಚಿದೆ. ಕೊನೆಗೂ ಬ್ಲೀಚ್ ಹಾಕಿದೆಯಲ್ಲ ಎಂದು ಜೊತೆಯವರು ಚುಡಾಯಿಸಿದರು. ಹಾಕಿದೆ, ಒಂದು ಗೇಣಿಗೆ. ಇಡೀ ತಲೆಗೆ ಅಲ್ಲ. ಒದ್ದೆ ಎಳೆ ಹಿಡಿದು ಎಳೆದರೆ ಹಿಗ್ಗಿ ವಾಪಸ್ ಬರುತ್ತಿತ್ತು. ವಾಪಸ್ ಬರದೆ ಗಂಜಿಯಂತೆ ಎಳೆದುಕೊಂಡಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಬಣ್ಣದ ಆಯ್ಕೆಯಲ್ಲಿ ಅವಳ ಕಾಗದ ಮತ್ತೆ ನೆರವಿಗೆ ಬಂತು. ಇಂಥದ್ದು ಬೇಕು ಎಂದು ಅವಳು ಕಳಿಸಿದ್ದ ಫೋಟೋದಲ್ಲಿ ಲೆವೆಲ್ 6 ಇತ್ತು, ಬಿಸಿಲಲ್ಲಿ ತೆಗೆದಿದ್ದು. ಆದರೆ ಯಾರೂ ಗಮನಿಸಬಾರದು, ತಿಂಗಳು ತಿಂಗಳು ಬರಲು ಆಗುವುದಿಲ್ಲ ಎಂದು ಬರೆದಿದ್ದಳಲ್ಲ. ಅವಳ ಸ್ವಂತ ಕೂದಲು ಲೆವೆಲ್ 3. ಅದರ ಮೇಲೆ 6 ಕೂರಿಸಿದರೆ ಆರು ವಾರಕ್ಕೆ ಗೆರೆ ಎದ್ದು ಕಾಣುತ್ತದೆ. ಹಾಗಾಗಿ ಬುಡದಲ್ಲಿ ನಾಲ್ಕೂವರೆ, ಕೆಳಗೆ 5 ಎಂದು ನಿರ್ಧರಿಸಿದೆ. ಫೋಟೋಗಿಂತ ಡಾರ್ಕ್ ಬರುತ್ತದೆ, ಯಾಕೆ ಎಂದು ಹೇಳಿ ಒಪ್ಪಿಸಿದೆ.

ರಿಮೂವರ್ ಆದ ಕೂದಲು ಬಣ್ಣವನ್ನು ಗಬಕ್ಕನೆ ಹಿಡಿಯುತ್ತದೆ. ಹಿಂದೆ ಎಳೆಗಳಲ್ಲಿ ನೋಡಿದ್ದೆ. ಅದೇ ದಿನ 5.0 ಹಚ್ಚಿದ ಎಳೆ ಮೂರೂವರೆಗೆ ಹೋಗಿತ್ತು, ವಾರ ಬಿಟ್ಟು ಹಚ್ಚಿದ್ದು ನಾಲ್ಕೂವರೆಗೆ ನಿಂತಿತ್ತು. ಕಿತ್ತಳೆ ತಲೆಯಲ್ಲಿ ಇವಳನ್ನು ವಾರ ಆಫೀಸಿಗೆ ಕಳಿಸುವ ಹಾಗಿರಲಿಲ್ಲ. ಅದಕ್ಕೆ ಅದೇ ದಿನ ಡೆಮಿ ಹಾಕಿದೆ, 1.9% ಡೆವಲಪರ್‌ನಲ್ಲಿ, ರಿಮೂವರ್ ಆದ ಕಡೆ ಬೇಕಾದ್ದಕ್ಕಿಂತ ಒಂದು ಲೆವೆಲ್ ಮೇಲಿನದು, ಬುಡಕ್ಕೆ ಅರ್ಧ ಲೆವೆಲ್. ನಡುವಿಗೆ ಮತ್ತು ತುದಿಗೆ ಮೂರು ಭಾಗ 6.0, ಒಂದು ಭಾಗ 6.1. ಬುಡಕ್ಕೆ 5.0 ಮತ್ತು 5.1 ಸಮ. ತುದಿಯ ಬಟ್ಟಲಿಗೆ ಮಾತ್ರ ಚಿಟಿಕೆಯಷ್ಟು ಚಿನ್ನದ ಟೋನ್. ಎಷ್ಟು ಎನ್ನುವುದು ಕೂದಲು ನೋಡಿಯೇ ಹೇಳಬೇಕು.

ಪೂರ್ತಿ ಆಶ್ ಯಾಕಿಲ್ಲ ಎಂದು ಜೊತೆಯವರು ಕೇಳಿದರು. ಕಿತ್ತಳೆ ಕಂಡ ತಕ್ಷಣ ಆಶ್ ಸುರಿಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ನಾಲ್ಕೈದು ತೊಳೆತಕ್ಕೆ ಅದು ಪಾಚಿ ಬಣ್ಣಕ್ಕೆ ತಿರುಗುತ್ತದೆ. ಸ್ವಂತ ಬ್ರೌನ್ ಕೂದಲನ್ನು ಕಿಟಕಿ ಬಳಿ ಹಿಡಿದು ನೋಡಿ, ಒಳಗೆ ಕೆಂಪು ಇದ್ದೇ ಇರುತ್ತದೆ. ಅದನ್ನು ಪೂರ್ತಿ ಕೊಂದರೆ ನ್ಯಾಚುರಲ್ ಹೇಗಾಗುತ್ತದೆ? ಇವಳು ತಂದಿಟ್ಟುಕೊಂಡ ಬಾಕ್ಸ್ ಹಚ್ಚಿದ್ದರೂ ಬುಡ ಪಾಚಿ, ಉದ್ದ ಕಪ್ಪು ಆಗುತ್ತಿತ್ತು.

ಡೆಮಿಯನ್ನು ಐದೈದು ನಿಮಿಷಕ್ಕೆ ಒರೆಸಿ ನೋಡುತ್ತಿದ್ದೆ. ಡಬ್ಬದ ಮೇಲೆ ಇಪ್ಪತ್ತು ಎಂದಿದ್ದರೂ ನಡುವಿನ ಭಾಗವನ್ನು ಹತ್ತು ಹನ್ನೆರಡು ನಿಮಿಷಕ್ಕೇ ತೊಳೆದೆ. ಬುಡ ಪೂರ್ತಿ ಹೊತ್ತು ಕೂತಿತು.

ದುಡ್ಡಿನ ಮಾತು. ಒಟ್ಟು ಆರು ಗಂಟೆ ಮೇಲಾಯಿತು. ಸಾಮಾನಿನ ಖರ್ಚು ಬಿಲ್ಲಿನ ಕಾಲು ಭಾಗ ಇರಬಹುದು, ಅದರಲ್ಲಿ ರಿಮೂವರ್‌ದೇ ಅರ್ಧ. ಇಂಥ ಕೆಲಸಕ್ಕೆ ಗ್ಲೋಬಲ್ ಕಲರ್ ರೇಟ್ ಹೇಳುವವರು ಕೈ ಸುಟ್ಟುಕೊಳ್ಳುತ್ತಾರೆ. ನಾನು ಗಂಟೆಯ ಲೆಕ್ಕದಲ್ಲಿ ಹೇಳಿದೆ, ಎರಡನೇ ಸುತ್ತು ರಿಮೂವರ್ ಬೇಕಾದರೆ ಇಷ್ಟು ಜಾಸ್ತಿ ಎಂದು ಮೊದಲೇ ಬರೆದುಕೊಟ್ಟೆ. ಎರಡು ಗ್ಲೋಬಲ್ ಕಲರ್ ಮಾಡುವ ಹೊತ್ತಲ್ಲಿ ಒಂದು ತಲೆ ಮಾಡಿದೆ ಎಂದು ಅಣಕಿಸಿದವರಿದ್ದಾರೆ. ಆ ಹುಡುಗಿಯ ಕಡೆಯಿಂದ ಇಷ್ಟರಲ್ಲೇ ಅವಳ ಆಫೀಸಿನ ಮೂವರು ಬಂದಿದ್ದಾರೆ, ಅವರಲ್ಲಿ ಇಬ್ಬರು ಬಾಕ್ಸ್ ಡೈ ಗಿರಾಕಿಗಳೇ.

ಎರಡು ದಿನಕ್ಕೆ ಫೋಟೋ ತರಿಸಿಕೊಂಡೆ, ವಾರಕ್ಕೆ ಇನ್ನೊಂದು. ಕಪ್ಪಾಗಿರಲಿಲ್ಲ. ಆರು ವಾರದ ಹೊತ್ತಿಗೆ ತುದಿ ಸ್ವಲ್ಪ ಕೆಂಪು ತೋರಿಸಿತು. ಅದೇ 6.0ಯನ್ನು ತೆಳುವಾಗಿ ಹತ್ತು ನಿಮಿಷ ಹಚ್ಚಿ ಕಳಿಸಿದೆ. ಬುಡ ಮುಟ್ಟಲಿಲ್ಲ. ಹೊಸ ಕೂದಲು ನಾಲ್ಕೂವರೆಯೊಳಗೆ ಕರಗಿಹೋಗಿದೆ, ಬಾಚಣಿಗೆಯಲ್ಲಿ ಬೈತಲೆ ತೆಗೆದು ಹುಡುಕಿದರೆ ಮಾತ್ರ ಸಿಗುತ್ತದೆ. ಮುಂದೆ ಮೂರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದಿದ್ದೇನೆ.