ಕನ್ನಡ ಅಕ್ಷರವೋ, ಇಂಗ್ಲಿಷ್ ಅಕ್ಷರವೋ: ಹನ್ನೆರಡು ವಾರ ನಾಣ್ಯ ಚಿಮ್ಮಿ ನೋಡಿದೆವು

ನಮ್ಮ ವೈನಿ ಡೊಂಬಿವಲಿಯಲ್ಲಿ ಮನೆಯಿಂದಲೇ ಚಟ್ನಿಪುಡಿ ಮಾಡಿ ಮಾರುತ್ತಾರೆ. ಶೇಂಗಾ, ಅಗಸಿ, ಗುರೆಳ್ಳು, ಜೊತೆಗೆ ಖಡಕ್ ರೊಟ್ಟಿ. ತವರು ಧಾರವಾಡ. ಅವರ ಇನ್‌ಸ್ಟಾಗ್ರಾಂ ಪೇಜ್ ನೋಡಿಕೊಳ್ಳುವುದು ನಾನು. ಸುಮಾರು 2,300 ಫಾಲೋವರ್ಸ್ ಇದ್ದಾರೆ, ಹೆಚ್ಚಿನವರು ಮುಂಬೈ, ಠಾಣೆ ಕಡೆಯ ಕನ್ನಡಿಗರು.

ಕ್ಯಾಪ್ಶನ್ ವಿಷಯಕ್ಕೆ ನಮ್ಮಿಬ್ಬರಿಗೂ ಮೊದಲಿಂದ ವಾದ. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಹುಡುಗ ಹುಡುಗಿಯರು ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾರೆ, ಓದೋಕೆ ಮಾತ್ರ ಬರೋದಿಲ್ಲ. ಅದಕ್ಕೇ ವೈನಿ, ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರಿ ಅಂತ ಹೇಳುತ್ತಿದ್ದರು. ನನಗೆ ಕನ್ನಡ ಅಕ್ಷರವೇ ಬೇಕು. ಫೀಡ್‌ನಲ್ಲಿ ಕ್ಯಾಪ್ಶನ್ನಿನ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ಹಾಗಾಗಿ ಜಗಳವೆಲ್ಲ ಆ ಮೊದಲ ಸಾಲಿನದ್ದು.

ಮೊದಲ ಸಲ ನಾನು ಮಾಡಿದ್ದು ಪರೀಕ್ಷೆಯೇ ಅಲ್ಲ. ನಾಗರ ಪಂಚಮಿಗೆ ನಾಲ್ಕು ದಿನ ಮುಂಚೆ ಉಂಡಿಯ ಫೋಟೋ ಹಾಕಿ ಕನ್ನಡ ಅಕ್ಷರದಲ್ಲಿ ಬರೆದೆ. ಹಬ್ಬ ಮುಗಿದ ಮೇಲೆ ಅಗಸಿ ಚಟ್ನಿಗೆ ಇಂಗ್ಲಿಷ್ ಅಕ್ಷರ. ಉಂಡಿಗೆ ಮೂರು ಪಟ್ಟು ಜಾಸ್ತಿ ಸೇವ್ ಬಂತು. ಖುಷಿಯಲ್ಲಿ ಸ್ಕ್ರೀನ್‌ಶಾಟ್ ಕಳಿಸಿದೆ. ವೈನಿ ಫೋನ್ ಮಾಡಿ ಒಂದೇ ಮಾತು ಹೇಳಿದರು: "ಪಂಚಮಿ ಗೆದ್ದದ ನೋಡು, ನಿನ್ನ ಅಕ್ಷರ ಅಲ್ಲ."

ಅವರು ಹೇಳಿದ್ದು ಸರಿ. ತಿಂಡಿ ಬೇರೆ, ವಾರ ಬೇರೆ, ಹಬ್ಬ ಬೇರೆ. ಅಕ್ಷರವೂ ಬೇರೆ ಇತ್ತು ಅಷ್ಟೇ. ಜಾಹೀರಾತಿಗೆ ದುಡ್ಡು ಕೊಟ್ಟರೆ ಮೆಟಾದವರೇ ಜನರನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ಒಂದೇ ಕ್ಯಾಪ್ಶನ್ ಕಾಣುವ ಹಾಗೆ ಮಾಡಿಕೊಡುತ್ತಾರೆ. ಸಾಮಾನ್ಯ ಪೋಸ್ಟಿಗೆ ಆ ಸೌಲಭ್ಯ ಇಲ್ಲ. ಅದೇ ಫೋಟೋವನ್ನು ಎರಡು ಸಲ ಹಾಕಿದರೆ ಎರಡನೆಯದನ್ನು ಜನ ನೋಡಿದ್ದೇ ಅಂತ ದಾಟಿಸುತ್ತಾರೆ. ಆದ್ದರಿಂದ ಒಂದರ ಹಾಗೆ ಇನ್ನೊಂದು ಇರುವ ಪೋಸ್ಟುಗಳನ್ನು ಜೋಡಿ ಮಾಡುವುದೊಂದೇ ದಾರಿ.

ನಾವು ಹೀಗೆ ಮಾಡಿದೆವು. ಪ್ರತಿ ವಾರ ಒಂದು ಜೋಡಿ, ಮಂಗಳವಾರ ಒಂದು, ಗುರುವಾರ ಒಂದು, ಎರಡೂ ರಾತ್ರಿ ಎಂಟೂವರೆಗೆ. ಎರಡೂ ಚಟ್ನಿಪುಡಿ, ಎರಡೂ ಒಂದೇ ಫೋಟೋದ ಪೋಸ್ಟ್. ಅದೇ ಹಿತ್ತಾಳೆ ತಟ್ಟೆ, ಅದೇ ಕಿಟಕಿಯ ಬೆಳಕು. ರೀಲ್ ಇಲ್ಲ. ಯಾವ ದಿನ ಯಾವ ಚಟ್ನಿ ಅನ್ನುವುದನ್ನು ಮೊದಲು ಬರೆದಿಟ್ಟು, ಆಮೇಲೆ ವೈನಿಯ ಮಗಳು ನಾಣ್ಯ ಚಿಮ್ಮುತ್ತಿದ್ದಳು. ಹೆಡ್ ಬಿದ್ದರೆ ಮಂಗಳವಾರಕ್ಕೆ ಕನ್ನಡ ಅಕ್ಷರ, ಟೇಲ್ ಬಿದ್ದರೆ ಗುರುವಾರಕ್ಕೆ. ಈ ನಾಣ್ಯ ಸುಮ್ನೆ ಆಟಕ್ಕಲ್ಲ. ನಾನೇ ಆರಿಸಿದ್ದರೆ ಒಳ್ಳೆ ಫೋಟೋಕ್ಕೆ ಕನ್ನಡ ಅಕ್ಷರ ಹೋಗುತ್ತಿತ್ತು, ನನಗೇ ಗೊತ್ತಾಗದ ಹಾಗೆ.

ಮೊದಲ ಸಾಲಿನ ಮಾತು ಒಂದೇ ಥರ, ಉದ್ದವೂ ಒಂದೇ. "ಊರಿನ ಶೇಂಗಾ ಚಟ್ನಿ, ಕುಟ್ಟಿ ಮಾಡಿದ್ದು" ಅಂತ ಒಂದರಲ್ಲಿ ಇದ್ದರೆ, ಇನ್ನೊಂದರಲ್ಲಿ ಅಗಸಿಯ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ. ಬೆಲೆ, ಆರ್ಡರ್ ಮಾಡುವ ನಂಬರ್, ಹ್ಯಾಶ್‌ಟ್ಯಾಗ್ ಎಲ್ಲ ಎರಡರಲ್ಲೂ ಅದೇ. ನಡುವೆ ಒಂದು ತೊಂದರೆ ಕಣ್ಣಿಗೆ ಬಿತ್ತು. ವೈನಿ ತಮಗೆ ಇಷ್ಟವಾದ ಪೋಸ್ಟನ್ನು ತಮ್ಮ ಭಜನಾ ಮಂಡಳಿಯ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಆ ಗುಂಪಿನಲ್ಲಿ ಎಲ್ಲರಿಗೂ ಕನ್ನಡ ಓದೋಕೆ ಬರುತ್ತದೆ! ಪರೀಕ್ಷೆ ಮುಗಿಯುವ ತನಕ ಯಾವುದನ್ನೂ ಹಾಕಬೇಡಿ ಅಂತ ಕೇಳಿಕೊಂಡೆ, ಆ ವಾರದಿಂದಲೇ ಜೋಡಿಗಳನ್ನು ಹೊಸದಾಗಿ ಎಣಿಸಿದೆವು.

ಏನನ್ನು ಎಣಿಸಬೇಕು ಅನ್ನುವುದಕ್ಕೆ ಒಂದು ಸಂಜೆ ಪೂರ್ತಿ ಹೋಯಿತು. ನಿಜವಾಗಿ ಬೇಕಾದ್ದು ಆರ್ಡರ್. ಆದರೆ ಒಂದು ಪೋಸ್ಟಿಗೆ ಎರಡೋ ಮೂರೋ ಆರ್ಡರ್, ಅದೂ ಯಾವ ಪೋಸ್ಟ್ ನೋಡಿ ಬಂತು ಅಂತ ಗೊತ್ತಾಗಲ್ಲ. ಲೈಕ್ ಜನ ಸುಮ್ನೆ ಒತ್ತುತ್ತಾರೆ. ಕೊನೆಗೆ ಸೇವ್ ಮತ್ತು ಶೇರ್ ಎರಡನ್ನೂ ಕೂಡಿಸಿ, ಎಷ್ಟು ಜನಕ್ಕೆ ತಲುಪಿತೋ ಅದರಿಂದ ಭಾಗಿಸಿ, ಸಾವಿರಕ್ಕೆ ಎಷ್ಟು ಅಂತ ಲೆಕ್ಕ ಹಾಕುವುದು ಎಂದು ಒಪ್ಪಿದೆವು. ಈ ಭಾಗಾಕಾರ ಬಿಡುವ ಹಾಗಿಲ್ಲ. ಒಂದು ವಾರ ಶೇಂಗಾ ಪೋಸ್ಟ್ 812 ಜನಕ್ಕೆ ತಲುಪಿ 14 ಬಂತು, ಅಗಸಿಯದು 640 ಜನಕ್ಕೆ ತಲುಪಿ 12 ಬಂತು. ಬರೀ ಎಣಿಸಿದರೆ ಶೇಂಗಾ ಮುಂದೆ. ಸಾವಿರದ ಲೆಕ್ಕದಲ್ಲಿ ಶೇಂಗಾ 17, ಅಗಸಿ 19.

ನೋಡುವ ದಿನವನ್ನೂ ಗೊತ್ತು ಮಾಡಿದೆವು: ಪೋಸ್ಟ್ ಹಾಕಿ ಸರಿಯಾಗಿ ಏಳನೇ ದಿನ ರಾತ್ರಿ. ಭಾನುವಾರ ಕೂತು ಎರಡನ್ನೂ ಒಟ್ಟಿಗೆ ನೋಡಿದರೆ ಮಂಗಳವಾರದ್ದಕ್ಕೆ ಎರಡು ದಿನ ಜಾಸ್ತಿ ಸಿಕ್ಕಿರುತ್ತದೆ ಅಲ್ವಾ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಹಿಟ್ಟಿನ ಡಬ್ಬಿಗೆ ಅಂಟಿಸಿದೆವು. ಹನ್ನೆರಡು ಜೋಡಿ, ನಡುವೆ ನಿಲ್ಲಿಸುವ ಹಾಗಿಲ್ಲ. ಪ್ರತಿ ಜೋಡಿಗೆ ಒಂದೇ ಓಟು, ಯಾವುದು ಮುಂದೆಯೋ ಅದಕ್ಕೆ. ಗಣಪತಿ, ದಸರಾ ವಾರ ರಜೆ. ಯಾವುದಾದರೂ ಪೋಸ್ಟ್ ಹೊತ್ತು ತಪ್ಪಿದರೆ ಇಡೀ ಜೋಡಿ ರದ್ದು, ಅದೂ ನಂಬರ್ ನೋಡುವುದಕ್ಕೆ ಮೊದಲು.

ಆ ಕೊನೆಯ ಮಾತು ಒಂದು ಸಲ ಕೆಲಸಕ್ಕೆ ಬಂತು. ಜೋರು ಮಳೆ, ಲೋಕಲ್ ನಿಂತು ಠಾಣೆ ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದಿದ್ದೆ. ಫೋನ್ ಬ್ಯಾಟರಿ ಖಾಲಿ. ಪೋಸ್ಟ್ ಹಾಕುವಾಗ ಹತ್ತೂವರೆ ಆಗಿತ್ತು. ಆ ರಾತ್ರಿಯೇ ಹಾಳೆಯಲ್ಲಿ ಆ ಜೋಡಿಗೆ ಗೆರೆ ಹೊಡೆದೆ. ನಂಬರ್ ನೋಡಿದ ಮೇಲೆ ಗೆರೆ ಹೊಡೆದಿದ್ದರೆ ಅದು ನ್ಯಾಯ ಆಗುತ್ತಿರಲಿಲ್ಲ. ಬೇಡದ್ದನ್ನು ತೆಗೆದು ಬೇಕಾದ್ದನ್ನು ಉಳಿಸಿಕೊಂಡ ಹಾಗೆ ಆಗುತ್ತಿತ್ತು.

ಶುರು ಮಾಡುವ ಮುಂಚೆ ಇನ್ನೊಂದು ಕೆಲಸ ಮಾಡಿದ್ದೆ. ಇಡೀ ಪ್ರಯತ್ನದಲ್ಲಿ ನನ್ನ ಕಣ್ಣು ತೆರೆಸಿದ್ದು ಅದೇ. ನಾಲ್ಕು ವಾರ ಎರಡೂ ದಿನ ಕನ್ನಡ ಅಕ್ಷರವನ್ನೇ ಹಾಕಿದೆ. ವ್ಯತ್ಯಾಸ ಏನೂ ಇಲ್ಲ, ಹಾಗಿದ್ದರೆ ನಂಬರ್ ಹತ್ತಿರ ಹತ್ತಿರ ಇರಬೇಕು ಅಂದುಕೊಂಡಿದ್ದೆ. ಒಂದು ವಾರ ಒಂದು ಪೋಸ್ಟಿಗೆ ಸಾವಿರಕ್ಕೆ 11, ಇನ್ನೊಂದು ಪೋಸ್ಟಿಗೆ 19. ಏನೂ ಬದಲಾಯಿಸದೆಯೇ ಇಷ್ಟು ಹೆಚ್ಚು ಕಡಿಮೆ ಆಗುತ್ತದೆ! ಇದಕ್ಕೂ ಮುಂಚೆ "ಈ ಕ್ಯಾಪ್ಶನ್ ಓಡಿತು, ಇದು ಓಡಲಿಲ್ಲ" ಅಂತ ಹೇಳಿದ್ದೆಲ್ಲ ಯಾವ ಆಧಾರದ ಮೇಲೆ ಅಂತ ಆವತ್ತು ನಿದ್ದೆ ಬರಲಿಲ್ಲ.

ಐದು ಜೋಡಿ ಆದಾಗ ಕನ್ನಡ ಅಕ್ಷರಕ್ಕೆ ನಾಲ್ಕು, ಇಂಗ್ಲಿಷ್ ಅಕ್ಷರಕ್ಕೆ ಒಂದು. ಅಲ್ಲಿಗೇ ನಿಲ್ಲಿಸಬೇಕು ಅಂತ ತುಂಬಾ ಅನ್ನಿಸಿತು. ಡಬ್ಬಿಯ ಮೇಲಿನ ಹಾಳೆ ಬಿಡಲಿಲ್ಲ. ಕೊನೆಗೆ ಹನ್ನೆರಡಕ್ಕೆ ಬಂದು ನಿಂತಾಗ ಎಂಟು, ನಾಲ್ಕು. ಕನ್ನಡ ಅಕ್ಷರ ಮುಂದೆ.

ಎಂಟು, ನಾಲ್ಕು ಅಂದರೆ ಎರಡು ಪಟ್ಟು ಅಂತ ಹೇಳಬಹುದಿತ್ತು. ಅದಕ್ಕೆ ಮುಂಚೆ ವೈನಿಯ ಮಗಳಿಗೆ ಹನ್ನೆರಡು ನಾಣ್ಯ ಕೊಟ್ಟು ಪರಾತದ ಮೇಲೆ ಇಪ್ಪತ್ತು ಸಲ ಚೆಲ್ಲಿಸಿದೆ. ಎಂಟು ನಾಲ್ಕು, ಅಥವಾ ಅದಕ್ಕಿಂತ ಹೆಚ್ಚು ಯಾವುದೋ ಒಂದು ಕಡೆ ವಾಲಿದ್ದು, ಏಳು ಸಲ ಬಂತು. ನಾಣ್ಯಕ್ಕೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಗೂಗಲ್ ಶೀಟಿನಲ್ಲಿ ಇದೇ ಲೆಕ್ಕ ಹೀಗೆ ಬರುತ್ತದೆ:

```
=2*BINOM.DIST(4,12,0.5,TRUE)
```

ಉತ್ತರ 0.39 ಹತ್ತಿರ. ಅಂದರೆ ಅಕ್ಷರದಿಂದ ಏನೂ ವ್ಯತ್ಯಾಸ ಇಲ್ಲದಿದ್ದರೂ ನೂರು ಸಲ ಮಾಡಿದರೆ 39 ಸಲ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವಾಲುತ್ತದೆ. ಹತ್ತು ಎರಡು ಬಂದಿದ್ದರೆ ಆ ಸಂಖ್ಯೆ 4ಕ್ಕೆ ಇಳಿಯುತ್ತಿತ್ತು, ಆಗ ನಂಬಿಕೆಗೆ ಜಾಗ ಇರುತ್ತಿತ್ತು.

ಮೊತ್ತ ಕೂಡಿಸಿ ತೋರಿಸುವ ಆಸೆಯೂ ಬಂತು. ಎಲ್ಲ ಸೇವ್, ಶೇರ್ ಒಟ್ಟು ಮಾಡಿದರೆ ಕನ್ನಡ ಅಕ್ಷರ ಬಹಳ ದೂರ ಮುಂದಿತ್ತು. ಬಿಡಿಸಿ ನೋಡಿದರೆ ಎಲ್ಲವೂ ಒಂದೇ ಗುರೆಳ್ಳು ಪೋಸ್ಟಿನ ಮಹಿಮೆ. ಅದನ್ನು ಯಾರೋ ದೊಡ್ಡ ಪೇಜಿನವರು ತಮ್ಮ ಸ್ಟೋರಿಗೆ ಹಾಕಿಕೊಂಡಿದ್ದರು, 9,400 ಜನಕ್ಕೆ ತಲುಪಿತ್ತು. ಒಂದು ಜೋಡಿಗೆ ಒಂದೇ ಓಟು ಅಂತ ಮೊದಲೇ ಬರೆದಿಟ್ಟದ್ದು ಇಲ್ಲಿ ನಮ್ಮನ್ನು ಕಾಪಾಡಿತು.

ಆಮೇಲೆ ಲೈಕ್ ನೋಡಿದೆ, ಪ್ರೊಫೈಲ್ ಭೇಟಿ ನೋಡಿದೆ, ಕಮೆಂಟ್ ನೋಡಿದೆ. ಕಮೆಂಟಿನಲ್ಲಿ ಕನ್ನಡ ಅಕ್ಷರಕ್ಕೆ ಹತ್ತು, ಇಂಗ್ಲಿಷ್ ಅಕ್ಷರಕ್ಕೆ ಎರಡು! ಆದರೆ ಬೇಕಾದ ಉತ್ತರ ಸಿಗುವ ತನಕ ಒಂದೊಂದೇ ಲೆಕ್ಕ ತೆಗೆಯುತ್ತಾ ಹೋದರೆ ಯಾವುದೋ ಒಂದು ಹಾಗೆ ಬಂದೇ ಬರುತ್ತದೆ. ಹೆಸರು ಓದಿ ನೋಡಿದೆ. ಅದೇ ಐದಾರು ಮಂದಿ, ಪ್ರತಿ ಸಲ "ಭಾಳ ಛಲೋ", "ಊರು ನೆನಪಾತು". ವೈನಿ ಕೇಳಿದರು: "ಕಮೆಂಟ್ ಬಂದ್ರ ಚಟ್ನಿ ಹೋಗ್ತದೇನು?" ಉತ್ತರ ನನ್ನ ಹತ್ತಿರ ಇರಲಿಲ್ಲ. ಕಮೆಂಟಿನ ಮಾತನ್ನು ಗೆಲುವು ಅಂತ ಬರೆಯದೆ, ಮುಂದೆ ಪರೀಕ್ಷೆ ಮಾಡಬೇಕಾದ ಅನುಮಾನ ಅಂತ ಬರೆದೆ.

ಹಾಳೆಯ ಕೆಳಗೆ ನಾನು ಬರೆದ ಫಲಿತಾಂಶ ಹೀಗಿದೆ: "ಸೇವ್, ಶೇರ್ ಲೆಕ್ಕದಲ್ಲಿ ವ್ಯತ್ಯಾಸ ಕಂಡಿಲ್ಲ." ವ್ಯತ್ಯಾಸ ಇಲ್ಲ ಅಂತ ಬರೆಯಲಿಲ್ಲ. ಕಾರಣ ಇದೆ. ಕನ್ನಡ ಅಕ್ಷರ ನಿಜವಾಗಿಯೂ ಹತ್ತು ಜೋಡಿಯಲ್ಲಿ ಆರು ಗೆಲ್ಲುವಷ್ಟು ಮೇಲು ಅಂತಲೇ ಇಟ್ಟುಕೊಳ್ಳಿ. ಹನ್ನೆರಡು ಜೋಡಿಯ ಪರೀಕ್ಷೆಯನ್ನು ನೂರು ಸಲ ಮಾಡಿದರೂ ಹತ್ತು ಅಥವಾ ಹೆಚ್ಚು ಗೆಲುವು ಕಾಣುವುದು ಸುಮಾರು ಎಂಟು ಸಲ ಮಾತ್ರ. ಹತ್ತಕ್ಕೆ ಒಂಬತ್ತು ಗೆಲ್ಲುವಷ್ಟು ದೊಡ್ಡ ವ್ಯತ್ಯಾಸ ಇದ್ದರೆ ನೂರಕ್ಕೆ 89 ಸಲ ಸಿಗುತ್ತದೆ. ಅಂದರೆ ನಮ್ಮ ಜರಡಿಯ ಕಣ್ಣು ದೊಡ್ಡದು, ಸಣ್ಣ ಕಾಳು ಕೆಳಗೆ ಬಿದ್ದುಹೋಗುತ್ತದೆ.

ಇನ್ನೊಂದು ಮಿತಿಯನ್ನು ವೈನಿಯೇ ಹೇಳಿದರು, ಅದು ನನಗೆ ಹೊಳೆದೇ ಇರಲಿಲ್ಲ. ಮೂರು ವರ್ಷದಿಂದ ಕನ್ನಡ ಅಕ್ಷರದಲ್ಲೇ ಬರೆದು ಕೂಡಿಸಿದ ಜನ ಇವರು. ಓದೋಕೆ ಬರದವರು ಯಾವತ್ತೋ ದಾಟಿ ಹೋಗಿರುತ್ತಾರೆ. ಬಂದವರನ್ನಷ್ಟೇ ಕೇಳಿ ಬರದವರ ಮಾತು ತಿಳಿಯುವುದು ಹೇಗೆ? ವೈನಿ ವಾದಿಸುತ್ತಿದ್ದದ್ದು ಅವರ ಪರವಾಗಿಯೇ ಆಗಿತ್ತು, ಈ ಪರೀಕ್ಷೆ ಅವರನ್ನು ಮುಟ್ಟಲೇ ಇಲ್ಲ.

ಸದ್ಯ ಮೊದಲ ಸಾಲು ಕನ್ನಡ ಅಕ್ಷರದಲ್ಲೇ ಇದೆ. ನಂಬರ್ ಹಾಗೆ ಹೇಳಿತು ಅಂತಲ್ಲ, ಅದು ನನಗೆ ಇಷ್ಟ, ವೈನಿ ಒಪ್ಪಿದ್ದಾರೆ. ಎರಡನೇ ಸಾಲಿನಲ್ಲಿ ಅದೇ ಮಾತು ಇಂಗ್ಲಿಷ್ ಅಕ್ಷರದಲ್ಲಿ. ಕಮೆಂಟಿನ ಪರೀಕ್ಷೆ ಹೋದ ಮಂಗಳವಾರ ಶುರುವಾಗಿದೆ. ಈ ಸಲ ಇಪ್ಪತ್ತನಾಲ್ಕು ಜೋಡಿ. ಪ್ರತಿ ಸಲ ಬರೆಯುವ ಆ ಐದಾರು ಮಂದಿಯನ್ನು ಎಣಿಕೆಗೆ ಹಿಡಿಯುವುದಿಲ್ಲ ಅಂತ ಡಬ್ಬಿಯ ಮೇಲಿನ ಹೊಸ ಹಾಳೆಯಲ್ಲಿ ಮೊದಲನೇ ಸಾಲಿಗೇ ಬರೆದಿದ್ದೇವೆ. ನಂಬರ್ ಬರೆದುಕೊಳ್ಳುವುದು ವೈನಿಯ ಮಗಳು, ಇಪ್ಪತ್ತನಾಲ್ಕು ಮುಗಿಯುವ ತನಕ ನನಗೆ ತೋರಿಸುವುದಿಲ್ಲ ಅಂತ ಪುಸ್ತಕ ಎತ್ತಿಟ್ಟಿದ್ದಾಳೆ.