ಬಣ್ಣ ಬದಲಾಗಲಿ, ಸಜ್ಜಾ ಅಲುಗಬಾರದು

ನಮ್ಮ ಮನೆಗೆ ಬಣ್ಣ ಹೊಡೆಸುವ ಮೊದಲು ಹೇಗೆ ಕಾಣುತ್ತೆ ಅಂತ ಫೋಟೋದಲ್ಲಿ ತೋರಿಸು ಎಂದರು ಅಪ್ಪ. ಗೋಡೆ ಹಳದಿ, ಬೇಕಾಗಿದ್ದು ತಿಳಿ ಬೂದು. ಅಂಗಳದ ಜಲ್ಲಿ ಹೋಗಿ ಹುಲ್ಲು, ಗಿಡ ಬರಬೇಕು. ಫೋಟೋ ತಿದ್ದುವ GIMP ತೆರೆದೆ.

ಮೊದಲ ಸಲ ಹಳದಿಯ ಮೇಲೆ ಸುಮ್ನೆ ಬೂದು ಬಳಿದೆ. ಬಿಸಿಲು, ನೆರಳು ಎಲ್ಲಾ ಹೋಗಿ ಗೋಡೆ ರಟ್ಟಿನ ಹಾಗಾಯಿತು. ಆಮೇಲೆ ಫೋಟೋದ ಪ್ರತಿ ತೆಗೆದು, Paths ಟೂಲಿನಲ್ಲಿ ಗೋಡೆಯ ಅಂಚು, ಕಿಟಕಿಗಳ ಸುತ್ತ ಗೆರೆ ಎಳೆದು, ಗೋಡೆ ಮಾತ್ರ ಕಾಣುವಂತೆ ಮಾಸ್ಕ್ ಮಾಡಿದೆ. ಆ ಪ್ರತಿಯನ್ನು Desaturate ಮಾಡಿ ಹಳದಿ ತೆಗೆದೆ. ಬಿಸಿಲು ಬಿದ್ದ ಗೋಡೆಯ ಬೆಳಕು 0ಯಿಂದ 255ರ ಅಳತೆಯಲ್ಲಿ 190ರ ಸುಮಾರು ಇತ್ತು, Levelsನಲ್ಲಿ ಬಿಳಿಯ ಗುರುತನ್ನು 200ಕ್ಕೆ ಎಳೆದಾಗ ಅದು 240 ದಾಟಿತು. ಅದರ ಮೇಲೆ ಬೂದು ಲೇಯರ್‌ಗೆ ಅದೇ ಮಾಸ್ಕ್ ಹಾಕಿ, ಕೆಳಗಿನ ನೆರಳು ಉಳಿಸಿ ಬಣ್ಣ ಬೆರೆಸುವ Multiply ಮೋಡ್ ಇಟ್ಟೆ. ಈಗ ಪಾಚಿ ಕಲೆಯೂ ನೆರಳೂ ಇದ್ದಲ್ಲೇ ಉಳಿದವು. ಗೋಡೆ ಬೆಳ್ಳಗಾಗದೆ Multiply ಹಾಕಿದರೆ ಬಣ್ಣ ಡಬ್ಬಿಯಲ್ಲಿರುವುದಕ್ಕಿಂತ ಕಪ್ಪಾಗುತ್ತೆ, ಅದಕ್ಕೇ ಈ ಉಪದ್ವ್ಯಾಪ.

ಆದರೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಹುಡುಕಿದರೆ ಸಜ್ಜಾದ ಅಡಿಯಲ್ಲಿ ಹಳದಿ ಛಾಯೆ! ಹಳೇ ಗೋಡೆಯಿಂದ ಚಿಮ್ಮಿದ ಬೆಳಕು ಅದು. ಅಲ್ಲೂ ಬಣ್ಣ ಇಳಿಸಿದೆ.

ಹುಲ್ಲಿಗಾಗಿ, ನಿಂತು ತೆಗೆದ ಹುಲ್ಲುಹಾಸಿನ ಫೋಟೋ ತಂದು, Perspective ಟೂಲಿನಿಂದ ನಾಲ್ಕು ಮೂಲೆ ಅಂಗಳದ ಮೂಲೆಗಳಿಗೆ ಎಳೆದೆ. ಗಿಡಗಳ ಎತ್ತರವೇ ತಲೆನೋವು. ಪಕ್ಕದ ಗೋಡೆಯ ಸಜ್ಜಾ ಗೆರೆಯನ್ನೂ ಪಾಯದ ಗೆರೆಯನ್ನೂ ಉದ್ದಕ್ಕೆ ಎಳೆದರೆ ಒಂದು ಕಡೆ ಸೇರುತ್ತವೆ. ಅಲ್ಲಿಂದ ಅಡ್ಡಗೆರೆ ಹಾಕಿದರೆ ಅದು ಕ್ಯಾಮೆರಾದ ಎತ್ತರ. ನಾನು ಮೊಬೈಲನ್ನು ನೇರವಾಗಿ, 5 ಅಡಿ ಎತ್ತರದಲ್ಲಿ ಹಿಡಿದಿದ್ದೆ. ನೆಲ ಸಮವಾಗಿದ್ದರೆ 5 ಅಡಿ ಗಿಡದ ತುದಿ, ಅದು ಹತ್ತಿರವಿರಲಿ ದೂರವಿರಲಿ, ಆ ಗೆರೆಗೇ ಮುಟ್ಟಬೇಕು. ಎರಡೂವರೆ ಅಡಿ ದಾಸವಾಳ ಬುಡದಿಂದ ಗೆರೆಯ ಅರ್ಧಕ್ಕೆ ನಿಲ್ಲಬೇಕು. ನಾನು ಅಂದಾಜಿನಲ್ಲಿಟ್ಟ ದಾಸವಾಳ ಆ ಲೆಕ್ಕಕ್ಕೆ 8 ಅಡಿ ಆಗಿತ್ತು! ನೆರಳನ್ನೂ ಕಂಬದ ನೆರಳು ಬಿದ್ದ ಕಡೆಗೇ ಎಳೆದೆ.

ಕೊನೆಗೆ ಮೂಲ ಫೋಟೋವನ್ನು ಎಲ್ಲದರ ಮೇಲಿಟ್ಟು ಮೋಡ್ Difference ಮಾಡಿದೆ. ಬದಲಾಗದ ಜಾಗ ಅಚ್ಚ ಕಪ್ಪಾಗುತ್ತೆ, ಬದಲಾದದ್ದು ಹೊಳೆಯುತ್ತೆ. ಕಿಟಕಿ, ಗ್ರಿಲ್ಲು, ಬಾಗಿಲು ಕಪ್ಪಾಗಿದ್ದವು. ಆದರೆ ಕಿಟಕಿ ಚೌಕಟ್ಟುಗಳ ಎಡ ಅಂಚಿನಲ್ಲಿ ಕೂದಲೆಳೆಯಷ್ಟು ಹೊಳೆಯುವ ಗೆರೆ. ಗೋಡೆಯ ಲೇಯರ್ ಗೊತ್ತಿಲ್ಲದೆ 2 ಪಿಕ್ಸೆಲ್ ಜರುಗಿತ್ತು, ಬರಿಗಣ್ಣಿಗೆ ಕಾಣುತ್ತಲೇ ಇರಲಿಲ್ಲ. ವಾಪಸ್ ತಳ್ಳಿದೆ, ಗೆರೆ ಹೋಯಿತು.

ಅಪ್ಪ ನೋಡಿ ಬೂದು ಒಪ್ಪಿದರು. ದಾಸವಾಳ ಮಾತ್ರ ಬೇಡವಂತೆ: "ಅಲ್ಲೇ ಕಣೋ ಸೆಪ್ಟಿಕ್ ಟ್ಯಾಂಕ್ ಇರೋದು."